ನಾಲ್ಕು ಟಿಕೆಟ್, ಒಂದೇ ಕಟ್ಟಾದ ಫೈಬರ್: ಧಾರವಾಡದ ಒಂದು ಬ್ರಾಡ್‌ಬ್ಯಾಂಡ್ ರಿಬೇಟಿನ ಕಥೆ

ನಮ್ಮ ಕಾಕಾ ಧಾರವಾಡದ ಸಪ್ತಾಪುರದಲ್ಲಿ ಇರುತ್ತಾರೆ. ರಿಟೈರ್ ಆದ ಮಾಸ್ತರು. ಮೇಲಿನ ಎರಡು ಖೋಲಿಗಳನ್ನು ಪರೀಕ್ಷೆಗೆ ಓದುವ ಮೂರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಭಾಗದಲ್ಲಿ ಇದೇನೂ ಹೊಸದಲ್ಲ, ಕೋಚಿಂಗ್ ಕ್ಲಾಸುಗಳಿಂದಾಗಿ ಬೀದಿಗೆ ನಾಲ್ಕು ಮನೆ ಹೀಗೇ ಇವೆ. ಬ್ರಾಡ್‌ಬ್ಯಾಂಡ್ ಲೈನ್ ಕಾಕಾನ ಹೆಸರಲ್ಲಿದೆ. ತಿಂಗಳಿಗೆ 599 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 706 ರೂಪಾಯಿ 82 ಪೈಸೆ. ಅದನ್ನು ನಾಲ್ಕು ಪಾಲು ಮಾಡಿ ಹಂಚಿಕೊಳ್ಳುತ್ತಾರೆ.

2025ರ ಜೂನ್ 10, ಮಂಗಳವಾರ ಸಂಜೆ ಆ ಲೈನ್ ಹೋಯಿತು. ಮತ್ತೆ ಬಂದದ್ದು ಜೂನ್ 24ರ ಮಧ್ಯಾಹ್ನ. ಈ ಹದಿನಾಲ್ಕು ದಿನಗಳಲ್ಲಿ ನಾಲ್ಕು ಟಿಕೆಟ್, ಅಂದರೆ ಕಂಪನಿಯ ಪುಸ್ತಕದಲ್ಲಿ ನಾಲ್ಕು ದೂರು, ಹುಟ್ಟಿದವು, ನಾಲ್ಕೂ 'ಪರಿಹಾರವಾಗಿದೆ' ಅಂತ ಮುಚ್ಚಿದವು. ಜುಲೈ 1ಕ್ಕೆ ಬಿಲ್ ಬಂತು, ಪೂರ್ತಿ 706.82. ಒಂದು ಪೈಸೆ ಕಡಿಮೆ ಇಲ್ಲ. ಆ ದುಡ್ಡು ವಾಪಸ್ ಹೇಗೆ ಬಂತು, ಎಷ್ಟು ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಎಲ್ಲಾ ಕಡೆ ಹೀಗೇ ನಡೆಯುತ್ತದೆ ಅಂತಲೂ ಅಲ್ಲ, ಒಂದು ಕಡೆ ಹೀಗೆ ನಡೆಯಿತು ಅಷ್ಟೇ.

ಮೊದಲು ತೊಂದರೆ ಏನಿತ್ತು ಅಂತ ಹೇಳುತ್ತೇನೆ, ಯಾಕಂದ್ರೆ ಮುಂದಿನ ಜಗಳವೆಲ್ಲ ಅದರ ಮೇಲೇ ನಿಂತಿದೆ. ಮನೆಗೆ ಬರುವ ಫೈಬರ್ ಒಂದು ಸಣ್ಣ ಡಬ್ಬಿಗೆ ಸೇರುತ್ತದಲ್ಲ, ಅದರ ಮೇಲೆ LOS ಅಂತ ಬರೆದ ಒಂದು ದೀಪ ಇರುತ್ತದೆ. ಅದು ಕೆಂಪಗೆ ಹತ್ತಿದರೆ ಡಬ್ಬಿಗೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಅಂದರೆ ಹೊರಗೆಲ್ಲೋ ಫೈಬರ್ ಕಡಿದಿದೆ, ಇಲ್ಲ ತೀರಾ ಬಾಗಿದೆ, ಇಲ್ಲ ಜಾಯಿಂಟ್ ಬಿಟ್ಟಿದೆ. ಆಗ ಡಬ್ಬಿಯನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ. ಪಾಸ್‌ವರ್ಡ್, ವೈಫೈ, ರೂಟರ್ ಸೆಟ್ಟಿಂಗ್, ಯಾವುದೂ ಇದಕ್ಕೆ ಸಂಬಂಧ ಇಲ್ಲ. ಕಾಕಾ ಫೋನ್ ಮಾಡಿದಾಗಲೆಲ್ಲ ಕಾಲ್ ಸೆಂಟರಿನವರು "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸರ್" ಅನ್ನುತ್ತಿದ್ದರು, ಕಾಕಾ ಪಾಪ ಮಾಡುತ್ತಿದ್ದರು. ಕೆಂಪು ದೀಪ ಮಾತ್ರ ಹಾಗೇ ಇತ್ತು.

ಕಡಿದದ್ದು ಬೀದಿಯ ಆ ತುದಿಯಲ್ಲಿ. ಅಲ್ಲಿ ನೀರಿನ ಪೈಪ್ ಹಾಕಲು ಅಗೆಯುತ್ತಿದ್ದರು, ಮಂಗಳವಾರ ಸಂಜೆ ಜೆಸಿಬಿ ಬಂದು ಹೋಗಿತ್ತು. ಇದು ಬೀದಿಗೆಲ್ಲ ಗೊತ್ತು. ಎದುರು ಮನೆಯವರದು ಬೇರೆ ಕಂಪನಿ, ಅವರದು ನಡೆಯುತ್ತಿತ್ತು.

ಕಾಕಾ ಆ ರಾತ್ರಿ ಫೋನ್ ಮಾಡಲಿಲ್ಲ. "ಮುಂಜಾನಿತನ ಬರ್ತದ ತಗೋ" ಅಂತ ಮಲಗಿದರು. ಇದು ಮೊದಲ ತಪ್ಪು. ಯಾಕಂದ್ರೆ ರಿಬೇಟಿನ, ಅಂದರೆ ಲೈನಿನ ಬಾಡಿಗೆ ಮಾಫಿಯ, ಗಡಿಯಾರ ಲೈನ್ ಹೋದ ಹೊತ್ತಿನಿಂದ ಓಡುವುದಿಲ್ಲ, ನೀವು ದೂರು ದಾಖಲಿಸಿದ ಹೊತ್ತಿನಿಂದ ಓಡುತ್ತದೆ. ದೂರೇ ಇಲ್ಲದಿದ್ದರೆ ಅವರ ಪುಸ್ತಕದಲ್ಲಿ ದೋಷವೇ ಇಲ್ಲ. ನಮ್ಮ ಪ್ರಕರಣದಲ್ಲಿ ಒಂದು ರಾತ್ರಿ ಹೋಯಿತು, ಅದರಿಂದ ಲೆಕ್ಕವೇನೂ ಬದಲಾಗಲಿಲ್ಲ. ಆದರೆ ಕೆಲವರಿಗೆ ಆ ಒಂದು ರಾತ್ರಿಯಲ್ಲೇ ರಿಬೇಟಿನ ಮೊತ್ತ ಕಮ್ಮಿಯಾಗಬಹುದು.

ಜೂನ್ 11ರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಮೊದಲ ಟಿಕೆಟ್. ಎಸ್ಸೆಮ್ಮೆಸ್‌ನಲ್ಲಿ ಆ ದೂರಿನ ಡಾಕೆಟ್ ನಂಬರ್ ಬಂತು. ಮರುದಿನ ಹುಡುಗನೊಬ್ಬ ಬಂದ, ಫೈಬರ್ ತುದಿಯನ್ನು ಕಳಚಿ ಬೆಳಕು ಅಳೆಯುವ ಪವರ್ ಮೀಟರಿಗೆ ಹಚ್ಚಿದ, ಬೆಳಕೇ ಇಲ್ಲ. "ಔಟ್‌ಡೋರ್ ಕಟ್ ಐತ್ರಿ ಮಾಸ್ತರ್ರ, ನಂದು ಮನಿ ಒಳಗಿನ ಕೆಲಸ ಅಷ್ಟ. ಹೊರಗಿಂದು ಫೈಬರ್ ಟೀಮ್ ಬ್ಯಾರೆ ಐತಿ, ಅವ್ರಿಗೆ ಹಾಕ್ತೀನ್ರಿ" ಅಂದ. ಜೂನ್ 13ರ ಬೆಳಿಗ್ಗೆ ಎಸ್ಸೆಮ್ಮೆಸ್ ಬಂತು: ನಿಮ್ಮ ದೂರು ಪರಿಹಾರವಾಗಿದೆ. ದೀಪ ಕೆಂಪು.

ಆ ಹುಡುಗ ಮೋಸ ಮಾಡಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವನ ಪಾಲಿನ ಕೆಲಸ ಮುಗಿಯಿತು, ಅವನ ಲೆಕ್ಕದಲ್ಲಿ ಟಿಕೆಟ್ ಮುಚ್ಚಬೇಕು, ಮುಚ್ಚಿದ. ಆದರೆ ಅವನ ಟಿಕೆಟ್ ಮುಚ್ಚಿದಾಗ ನಮ್ಮ ಗಡಿಯಾರವೂ ಸೊನ್ನೆಗೆ ಬಂತು, ಅಷ್ಟೇ ವಿಷಯ.

ಅದೇ ದಿನ ಸಂಜೆ ಕಾಕಾ ಎರಡನೇ ಟಿಕೆಟ್ ಹಾಕಿಸಿದರು. ಶನಿವಾರ ಯಾರೂ ಬರಲಿಲ್ಲ, ಭಾನುವಾರ ಕೇಳುವುದೇ ಬೇಡ. ಸೋಮವಾರ, ಜೂನ್ 16ಕ್ಕೆ ಒಂದು ಫೋನ್ ಬಂತು. "ಮಾಸ್ತರ್ರ, ನಿಮಗ ಒಂದು ಓಟಿಪಿ ಬಂದಿರ್ತದ, ಅದನ್ನ ಹೇಳ್ರಿ, ಟಿಕೆಟ್ ಮುಂದ ಕಳಸಾಕ ಬೇಕ್ರಿ." ಕಾಕಾ ಹೇಳಿಬಿಟ್ಟರು. ಐದು ನಿಮಿಷಕ್ಕೆ 'ಪರಿಹಾರವಾಗಿದೆ'. ಆ ಓಟಿಪಿ ಟಿಕೆಟ್ ಮುಂದೆ ಕಳಿಸಲು ಅಲ್ಲ, ಗ್ರಾಹಕರು ಒಪ್ಪಿ ಮುಚ್ಚಿಸಿದರು ಅನ್ನುವುದಕ್ಕೆ ಸಾಕ್ಷಿ. ಎಸ್ಸೆಮ್ಮೆಸ್ಸಿನಲ್ಲೇ ಹಾಗೆ ಬರೆದಿತ್ತು, ಕಾಕಾ ಕನ್ನಡಕ ಹಾಕದೆ ನಾಲ್ಕು ಅಂಕಿ ಮಾತ್ರ ಓದಿದ್ದರು. ಇಡೀ ಪ್ರಕರಣದಲ್ಲಿ ನಮ್ಮ ವಿರುದ್ಧ ಇದ್ದ ದೊಡ್ಡ ಕಾಗದ ಇದೇ.

ಮೂರನೇ ಟಿಕೆಟ್ ಜೂನ್ 17ಕ್ಕೆ. 18ರ ರಾತ್ರಿ ಮಳೆಯಲ್ಲೇ ಫೈಬರ್ ಟೀಮಿನ ಇಬ್ಬರು ಬಂದು ಜಾಯಿಂಟ್ ಹಾಕಿದರು. ದೀಪ ಹಸಿರಾಯಿತು. ಮೇಲಿನ ಹುಡುಗರು ಕೂಗಿದ್ದು ಕೆಳಗೆ ಕೇಳಿತಂತೆ. ಸುಮಾರು ನಲವತ್ತು ನಿಮಿಷ ನಡೆಯಿತು, ಮತ್ತೆ ಹೋಯಿತು. ಹೋಗುವ ಮುಂಚೆ ಆ ಇಬ್ಬರಲ್ಲಿ ಒಬ್ಬ ಮೀಟರ್ ನೋಡಿ "ಮೈನಸ್ ಇಪ್ಪತ್ತೊಂಬತ್ತು ಬರಾಕತ್ತೈತಿ, ಸ್ವಲ್ಪ ವೀಕ್ ಐತಿ, ನಾಳಿ ನೋಡೋಣು" ಅಂದಿದ್ದ. ಮೇಲಿನ ಹುಡುಗರಲ್ಲಿ ಒಬ್ಬ ಡಿಪ್ಲೊಮಾ ಓದಿದವನು, ಅದನ್ನು ಕೇಳಿಸಿಕೊಂಡು ಮೀಟರಿನ ಫೋಟೋ ಹೊಡೆದಿಟ್ಟಿದ್ದ. ಆ ಫೋಟೋಗೆ ನಾನು ಆಮೇಲೆ ಒಂದು ಪೇಡೆ ಪೊಟ್ಟಣ ಕೊಟ್ಟೆ.

ಯಾಕೆ ಅಂತ ಕೇಳಿ. ಮನೆಗಳಿಗೆ ಕೊಡುವ ಇಂಥ ಫೈಬರ್ ಲೈನಿನಲ್ಲಿ ಡಬ್ಬಿಗೆ ಬರುವ ಬೆಳಕಿನ ಬಲವನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ನೋಡುತ್ತಾರೆ. ಅಂಕಿ ಮೈನಸ್‌ನಲ್ಲಿ ಇರುತ್ತದೆ, ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ. ಸಾಮಾನ್ಯ ಡಬ್ಬಿ ಮೈನಸ್ 27ರ ತನಕ ಹಿಡಿದುಕೊಳ್ಳುತ್ತದೆ. ಅದರ ಕೆಳಗೆ ಹೋದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ, ಕೊನೆಗೆ ಬಿಟ್ಟೇ ಬಿಡುತ್ತದೆ. ಮೈನಸ್ 29 ಅಂದರೆ ಜಾಯಿಂಟ್ ಸರಿಯಾಗಿ ಕೂತಿಲ್ಲ ಅಂತ ಅವರೇ ಅಳೆದು ನೋಡಿದಂತೆ ಆಯಿತು. ಅಂಥ ಜಾಯಿಂಟನ್ನು ಬಿಟ್ಟು ಹೋಗಿ ಮರುದಿನ, ಜೂನ್ 19ಕ್ಕೆ, ಟಿಕೆಟ್ ಮುಚ್ಚಿದರು.

19ರ ಸಂಜೆ ನಾಲ್ಕನೇ ಟಿಕೆಟ್. ಈ ಸಲ ಹೊತ್ತು ಹಿಡಿಯಿತಾದರೂ ಕೆಲಸ ಸರಿಯಾಗಿ ಆಯಿತು. ಕಂಬದಿಂದ ಮನೆಯ ತನಕದ ಕೇಬಲ್ಲನ್ನೇ ಹೊಸದು ಎಳೆದು, 24ರ ಮಧ್ಯಾಹ್ನ ಒಂದು ಗಂಟೆಗೆ ಲೈನ್ ಬಂತು. ಅಲ್ಲಿಂದ ಇವತ್ತಿನ ತನಕ ತಕರಾರಿಲ್ಲ.

ಇಷ್ಟು ಆದ ಮೇಲೆ ಕಾಕಾ ನನಗೆ ಫೋನ್ ಮಾಡಿದರು. ನಾನು ಹುಬ್ಬಳ್ಳಿಯಲ್ಲಿ ಇರುವವನು. ಬಿಲ್ ಕಟ್ಟುವುದೇ ಇಲ್ಲ ಅಂತ ಹಠ ಹಿಡಿದಿದ್ದರು. "ಹದಿನಾಕ ದಿನ ಕತ್ತಲದಾಗ ಕುಂಡ್ರಿಸಿ ಪೂರ್ತಿ ರೊಕ್ಕ ಕೇಳ್ತಾರಲ್ಲೋ ತಮ್ಮಾ!" ಕಟ್ಟಿ ಕಾಕಾ, ಕಟ್ಟಿದ ಮೇಲೆ ಕೇಳೋಣ ಅಂದೆ. ಕಟ್ಟದಿದ್ದರೆ ಮಾತು ರಿಬೇಟಿನಿಂದ ಬಾಕಿಗೆ ಹೊರಳುತ್ತದೆ. ಲೇಟ್ ಫೀ ಬೀಳುತ್ತದೆ, ಲೈನ್ ಕಡಿಯುತ್ತಾರೆ, ಆಮೇಲೆ ನೀವು ಯಾರ ಹತ್ತಿರ ಹೋದರೂ ಮೊದಲ ಪ್ರಶ್ನೆ 'ಬಾಕಿ ಕಟ್ಟಿದ್ದೀರಾ' ಅಂತಲೇ. ಜುಲೈ 2ಕ್ಕೆ ಪೂರ್ತಿ ಕಟ್ಟಿದೆವು.

ಆಮೇಲೆ ಹಕ್ಕು ಎಷ್ಟಿದೆ ಅಂತ ನೋಡಲು ಕೂತೆ. ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಪ್ರಾಧಿಕಾರ ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ನಿಯಮ ಮಾಡಿತ್ತು, ಅದರಲ್ಲಿ ರಿಬೇಟಿಗೆ ಮೆಟ್ಟಿಲಿನ ಹಾಗೆ ಒಂದು ಲೆಕ್ಕ ಇತ್ತು. ದೋಷ ಮೂರು ದಿನ ದಾಟಿ ಏಳು ದಿನದ ಒಳಗೆ ಸರಿಯಾದರೆ ಲೈನಿನ ಏಳು ದಿನದ ಬಾಡಿಗೆ ಮಾಫಿ. ಏಳು ದಾಟಿ ಹದಿನೈದರ ಒಳಗಾದರೆ ಹದಿನೈದು ದಿನದ್ದು. ಹದಿನೈದು ದಾಟಿದರೆ ಇಡೀ ತಿಂಗಳದ್ದು. ದಿನ ಅಂದರೆ ಅಲ್ಲಿ ಕೆಲಸದ ದಿನ. 2024ರ ಹೊಸ ಗುಣಮಟ್ಟದ ನಿಯಮಗಳು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದವು, ಅದರಲ್ಲೂ ಮನೆಯ ಲೈನಿನ ದೋಷ ಮೂರು ದಿನ ದಾಟಿದರೆ ಪರಿಹಾರ ಕೊಡಬೇಕು, ಪೋಸ್ಟ್‌ಪೇಯ್ಡ್ ಇರಲಿ ಪ್ರಿಪೇಯ್ಡ್ ಇರಲಿ. ಇನ್ನು ಇಡೀ ಜಿಲ್ಲೆಗೆ 24 ಗಂಟೆಗಿಂತ ಜಾಸ್ತಿ ಸೇವೆ ಹೋದರೆ ಕೊಡುವ ಪರಿಹಾರ ಒಂದಿದೆ, ಅದು ಬೇರೆಯೇ. ನಮ್ಮದು ಒಂದು ಬೀದಿಯ ಕೇಸು, ಅದು ಇಲ್ಲಿ ಬರುವುದಿಲ್ಲ. ಸುಮಾರು ಜನ ಇವೆರಡನ್ನೂ ಕಲಸಿ ಬರೆಯುತ್ತಾರೆ, ಆಗ ಕಂಪನಿಯವರಿಗೆ 'ಇದು ನಿಮಗೆ ಅನ್ವಯಿಸುವುದಿಲ್ಲ' ಅನ್ನಲು ಸುಲಭ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ನಿಯಮದ ಪುಸ್ತಕ ಅಲ್ಲ, ಕಂಪನಿಯದೇ ಗ್ರಾಹಕ ಸನ್ನದು, ಅಂದರೆ ಗ್ರಾಹಕರಿಗೆ ಏನೇನು ಹಕ್ಕಿದೆ ಅಂತ ಕಂಪನಿಯೇ ಬರೆದಿಡುವ ಕಾಗದ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಇಂಥದ್ದೊಂದನ್ನು ಪ್ರಕಟಿಸಬೇಕು. ಇವರ ಸೈಟಿನಲ್ಲಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇತ್ತು. ತೆಗೆದು ನೋಡಿದರೆ ಅದೇ ಏಳು, ಹದಿನೈದು, ಮೂವತ್ತರ ಮೆಟ್ಟಿಲು. ಅವರೇ ಬರೆದದ್ದನ್ನು ಅವರಿಗೇ ತೋರಿಸಿದರೆ ವಾದ ಬೇಗ ಮುಗಿಯುತ್ತದೆ.

ಈ ಮೆಟ್ಟಿಲಲ್ಲಿ ಒಂದು ಚಂದ ಇದೆ. ಎಂಟು ದಿನ ಹೋದರೂ ಹದಿನೈದು ದಿನದ ಮಾಫಿ, ಹದಿನಾಲ್ಕು ದಿನ ಹೋದರೂ ಹದಿನೈದೇ. ಕಾಲ್ ಸೆಂಟರಿನವರು ಮಾತ್ರ 'ಎಷ್ಟು ದಿನ ಹೋಯಿತೋ ಅಷ್ಟು ದಿನದ್ದು' ಅಂತ ದಿನಕ್ಕೆ 20 ರೂಪಾಯಿ ಲೆಕ್ಕ ಹೇಳುತ್ತಾರೆ. ನಮ್ಮದಕ್ಕೆ ಅದರಿಂದ ವ್ಯತ್ಯಾಸ ಕಮ್ಮಿ. ಎಂಟೇ ದಿನ ಹೋಗಿದ್ದರೆ ಮಾತ್ರ ಅರ್ಧದಷ್ಟು ಕಳೆದುಕೊಳ್ಳುತ್ತಿದ್ದೆವು.

ನಮ್ಮ ಲೆಕ್ಕ ಹೀಗಿತ್ತು. ಮೊದಲ ದೂರು ಜೂನ್ 11ರ ಬೆಳಿಗ್ಗೆ, ಸರಿಯಾದದ್ದು 24ರ ಮಧ್ಯಾಹ್ನ. ಕ್ಯಾಲೆಂಡರಿನಲ್ಲಿ 13 ದಿನ ಮತ್ತು ಕೆಲವು ಗಂಟೆ. ನಡುವೆ ಎರಡು ಭಾನುವಾರ, 15 ಮತ್ತು 22, ತೆಗೆದರೆ 11 ದಿನ. ಯಾವ ಕಡೆಯಿಂದ ಎಣಿಸಿದರೂ ಏಳು ದಾಟಿ ಹದಿನೈದರ ಒಳಗೆ. ಹದಿನೈದು ದಿನದ ಬಾಡಿಗೆ 299.50, ಜಿಎಸ್‌ಟಿ 53.91, ಒಟ್ಟು 353 ರೂಪಾಯಿ 41 ಪೈಸೆ. ಬಾಡಿಗೆ ಇಳಿದರೆ ಅದರ ಮೇಲಿನ ಜಿಎಸ್‌ಟಿಯೂ ಇಳಿಯಬೇಕು, ಅದನ್ನು ಬಾಯಿ ಬಿಟ್ಟು ಕೇಳಬೇಕು.

ಜುಲೈ 3ಕ್ಕೆ ಹೊಸ ದೂರು ಕೊಟ್ಟೆವು. ಈ ಸಲ ಲೈನ್ ಹೋಗಿದೆ ಅಂತ ಅಲ್ಲ, ಬಿಲ್ ತಪ್ಪಿದೆ ಅಂತ. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಹಾಗಲ್ಲ. ಮುಚ್ಚಿದ ನಾಲ್ಕನೇ ಟಿಕೆಟಿನ ಬಾಲ ಹಿಡಿದು 'ರಿಬೇಟ್ ಕೊಡಿ' ಅಂದಿದ್ದರೆ, 'ನಿಮ್ಮ ಲೈನ್ ಸರಿ ಇದೆ' ಅಂತ ಅದನ್ನೂ ಮುಚ್ಚುತ್ತಿದ್ದರು. ಬಿಲ್ ದೂರು ಅಂತ ದಾಖಲಾದರೆ ಅದು ಬೇರೆ ಮೇಜಿಗೆ ಹೋಗುತ್ತದೆ, ಅದಕ್ಕೆ ಬೇರೆ ಡಾಕೆಟ್, ಬೇರೆ ಅವಧಿ. ಆ ಡಾಕೆಟ್ ನಂಬರ್ ಇಲ್ಲದೆ ಮುಂದೆ ಅಪೀಲಿಗೂ ಹೋಗಲು ಆಗುವುದಿಲ್ಲ.

ಜುಲೈ 12ಕ್ಕೆ ಉತ್ತರ ಬಂತು. ಸದ್ಭಾವನೆಯಿಂದ ಮೂರು ದಿನದ ಬಾಡಿಗೆ 59.90, ಮೇಲೆ ಜಿಎಸ್‌ಟಿ, ಒಟ್ಟು 70.68 ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ, ನಿಮ್ಮ ನಾಲ್ಕು ದೂರುಗಳೂ ನಿಗದಿತ ಅವಧಿಯಲ್ಲೇ ಪರಿಹಾರವಾಗಿವೆ, ದೂರು ಮುಚ್ಚಲಾಗಿದೆ.

ಇದನ್ನು ಎರಡು ಸಲ ಓದಿದ ಮೇಲೆ ಆಟ ಅರ್ಥವಾಯಿತು. ಅವರು ಟಿಕೆಟ್ ಎಣಿಸುತ್ತಿದ್ದರು, ನಾವು ದಿನ ಎಣಿಸುತ್ತಿದ್ದೆವು. ಅವರ ಪುಸ್ತಕದಲ್ಲಿ ಎರಡು ದಿನದ ಒಂದು ದೋಷ, ಮೂರು ದಿನದ ಇನ್ನೊಂದು, ಎರಡು ದಿನದ ಮತ್ತೊಂದು, ಹೀಗೆ ನಾಲ್ಕು ಸಣ್ಣ ಸಣ್ಣ ದೋಷ. ನಮ್ಮ ಮನೆಯಲ್ಲಿ ಒಂದೇ ಕಡಿದ ಫೈಬರ್. ನಾಲ್ಕೂ ಒಂದೇ ಅಂತ ತೋರಿಸಿದರೆ ಗೆದ್ದೆವು, ಇಲ್ಲದಿದ್ದರೆ ಇಲ್ಲ. ಇನ್ನೊಂದು ತಮಾಷೆ ಏನಂದ್ರೆ ಅವರ ಲೆಕ್ಕವೇ ಅವರಿಗೆ ಸರಿ ಹೊಂದುತ್ತಿರಲಿಲ್ಲ. ನಾಲ್ಕನೇ ಟಿಕೆಟ್ ಒಂದನ್ನೇ ಹಿಡಿದರೂ 19ರ ಸಂಜೆಯಿಂದ 24ರ ಮಧ್ಯಾಹ್ನ, ಭಾನುವಾರ ಬಿಟ್ಟರೂ ಮೂರು ದಿನ ದಾಟುತ್ತದೆ. ಅಂದರೆ ಏಳು ದಿನದ ಬಾಡಿಗೆ, 139 ರೂಪಾಯಿ 77 ಪೈಸೆ ಕೊಡಲೇಬೇಕಿತ್ತು. ಸದ್ಭಾವನೆ ಅಂತ ಕೊಟ್ಟ ಬಾಡಿಗೆ 59.90, ಅದರ ಅರ್ಧಕ್ಕಿಂತ ಕಮ್ಮಿ.

ಅಪೀಲಿಗೆ ಮೂವತ್ತು ದಿನ ಸಮಯ ಇರುತ್ತದೆ. ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಅಂತ ಇರಬೇಕು, ಅದಕ್ಕೆ ಫೀಸ್ ಇಲ್ಲ, ವಕೀಲರು ಬೇಕಿಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ಇದೆಲ್ಲ ಅದೇ 2012ರ ನಿಯಮ. ಕಾಲ್ ಸೆಂಟರಿನವರು ಇದನ್ನು ತಾವಾಗಿ ಹೇಳುವುದು ಕಮ್ಮಿ, 'ಸೀನಿಯರ್‌ಗೆ ಕೊಡ್ತೀನಿ' ಅನ್ನುತ್ತಾರೆ, ಆ ಸೀನಿಯರ್ ಬೇರೆ, ಈ ಪ್ರಾಧಿಕಾರ ಬೇರೆ. ವಿಳಾಸ, ಇಮೇಲ್ ಎರಡೂ ಆ ಸನ್ನದಿನಲ್ಲೇ ಇದ್ದವು.

ನಾನು ಮಾಡಿದ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಮೊದಲು ಸಿಟ್ಟಿಗೆ ಟ್ರಾಯ್‌ಗೇ ಇಮೇಲ್ ಬರೆದಿದ್ದೆ. ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬರ ದೂರನ್ನು ಕೂತು ತೀರ್ಮಾನಿಸುವುದಿಲ್ಲ. ಅಷ್ಟು ಹೊತ್ತು ಸುಮ್ನೆ ಹೋಯಿತು.

ನಾಲ್ಕು ಟಿಕೆಟನ್ನು ಒಂದು ಮಾಡಲು ನಮ್ಮ ಕೈಯಲ್ಲಿ ಇದ್ದದ್ದು ಏನು? ಮೊದಲನೆಯದು ಕಂಪನಿಯ ಆಪಿನಲ್ಲೇ ಸಿಗುವ ದಿನವಾರು ಡೇಟಾ ಬಳಕೆ. ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ, ಯಾಕಂದ್ರೆ ಇದು ಅವರದೇ ಸರ್ವರಿನ ಲೆಕ್ಕ, ನಾವು ಬರೆದದ್ದಲ್ಲ. ಮೂರು ಹುಡುಗರು ದಿನವಿಡೀ ಕ್ಲಾಸ್ ನೋಡುವ ಮನೆ, ದಿನಕ್ಕೆ 12ರಿಂದ 15 ಜಿಬಿ ಹೋಗುತ್ತಿತ್ತು. ಜೂನ್ 11ರಿಂದ ನೋಡಿದರೆ ಸೊನ್ನೆ, ಸೊನ್ನೆ, ಸೊನ್ನೆ. 18ಕ್ಕೆ 212 ಎಂಬಿ. ಮತ್ತೆ 23ರ ತನಕ ಸೊನ್ನೆ. ಹಳೆಯ ತಿಂಗಳ ಲೆಕ್ಕ ಆಪಿನಲ್ಲಿ ತುಂಬಾ ದಿನ ಉಳಿಯುವುದಿಲ್ಲ ಅಂತ ಕೂಡಲೇ ಸ್ಕ್ರೀನ್‌ಶಾಟ್ ತೆಗೆದೆವು.

ಈ ಪಟ್ಟಿ ಓಟಿಪಿಯ ಸಮಸ್ಯೆಯನ್ನೂ ಬಿಡಿಸಿತು. ಜೂನ್ 16ಕ್ಕೆ ಗ್ರಾಹಕರೇ ಒಪ್ಪಿ ಮುಚ್ಚಿಸಿದರು ಅಂತ ಅವರ ಹತ್ತಿರ ಓಟಿಪಿ ಇದೆ ನಿಜ. ಆದರೆ ಆ ದಿನವೂ ಸೊನ್ನೆ, ಮರುದಿನವೂ ಸೊನ್ನೆ. ಲೈನ್ ಬಂದಿದ್ದರೆ ಒಂದು ಎಂಬಿಯಾದರೂ ಹೋಗಬೇಕಿತ್ತು. ಡಬ್ಬಿ ಆನ್ ಇದ್ದು ಫೋನುಗಳು ಅದಕ್ಕೆ ಸೇರಿಕೊಂಡಿದ್ದರೆ ಯಾರೂ ಮುಟ್ಟದಿದ್ದರೂ ಏನಾದರೂ ಓಡುತ್ತಲೇ ಇರುತ್ತದೆ, ಅಲ್ವಾ?

ತಲೆನೋವು ಕೊಟ್ಟದ್ದು ಆ 212 ಎಂಬಿ. ಇದನ್ನು ಮುಚ್ಚಿಡುವುದಾ ಅಂತ ಕಾಕಾ ಕೇಳಿದರು. ಬೇಡ ಅಂದೆ, ಅವರೇ ತೆಗೆದು ತೋರಿಸಿದರೆ ನಾವು ಸುಳ್ಳು ಹೇಳಿದ ಹಾಗೆ ಆಗುತ್ತದೆ. ಅದನ್ನು ನಾವೇ ಮೊದಲು ಬರೆದೆವು: ಆ ರಾತ್ರಿ ನಲವತ್ತು ನಿಮಿಷ ಬಂದಿತ್ತು, ಇಗೋ ಆಗಿನ ಮೀಟರ್ ಫೋಟೋ, ಮೈನಸ್ 29, ಇದು ಸರಿಪಡಿಸಿದ್ದಲ್ಲ, ತಾತ್ಕಾಲಿಕವಾಗಿ ಹಿಡಿದದ್ದು. 19, 20ರ ಕೆಂಪು ದೀಪದ ಫೋಟೋಗಳನ್ನೂ ಲಗತ್ತಿಸಿದೆವು. ಫೋನಿನಲ್ಲಿ ತೆಗೆದ ಫೋಟೋದಲ್ಲಿ ತಾರೀಖು, ಗಂಟೆ ಒಳಗೇ ಕೂತಿರುತ್ತದೆ, ಅದಕ್ಕೇ ಮೂಲ ಫೈಲನ್ನೇ ಇಮೇಲಿಗೆ ಹಾಕಬೇಕು. ವಾಟ್ಸಪ್‌ನಲ್ಲಿ ಫೋಟೋ ಕಳಿಸಿ ಅಲ್ಲಿಂದ ಮತ್ತೆ ಇಳಿಸಿಕೊಂಡರೆ ಆ ಮಾಹಿತಿ ಹೋಗಿಬಿಡುತ್ತದೆ. ನಾವು ಮೊದಲು ಹಾಗೇ ಮಾಡಿದ್ದೆವು, ಹುಡುಗನ ಫೋನಿನಿಂದ ಮತ್ತೆ ತರಿಸಬೇಕಾಯಿತು.

ಜುಲೈ 15ಕ್ಕೆ ಕಳಿಸಿದ ಅಪೀಲಿನ ಮುಖ್ಯ ಭಾಗ ಇಷ್ಟೇ ಇತ್ತು, ಇದಕ್ಕಿಂತ ಜಾಸ್ತಿ ಬರೆಯಲು ಕಾಕಾನಿಗೆ ಬಿಡಲಿಲ್ಲ:

"ಜೂನ್ 11ರ ಬೆಳಿಗ್ಗೆ ದಾಖಲಿಸಿದ ದೋಷ ಜೂನ್ 24ರ ಮಧ್ಯಾಹ್ನ ಸರಿಯಾಯಿತು. ನಡುವೆ ನಿಮ್ಮವರು ಇದನ್ನು ನಾಲ್ಕು ಡಾಕೆಟ್‌ಗಳಲ್ಲಿ ಬರೆದುಕೊಂಡಿದ್ದಾರೆ, ನಂಬರುಗಳು ಕೆಳಗಿವೆ. ನಾಲ್ಕಕ್ಕೂ ಕಾರಣ ಒಂದೇ, ಬೀದಿಯಲ್ಲಿ ಕಡಿದ ಫೈಬರ್. ನಿಮ್ಮ ಆಪಿನ ಬಳಕೆ ಪಟ್ಟಿಯೇ ಇದನ್ನು ತೋರಿಸುತ್ತದೆ. ಜೂನ್ 18ರ ರಾತ್ರಿ ಸುಮಾರು 40 ನಿಮಿಷ ಲೈನ್ ಬಂದಿತ್ತು, ಆಗ ನಿಮ್ಮವರ ಮೀಟರ್ ಮೈನಸ್ 29 ತೋರಿಸಿತ್ತು, ಫೋಟೋ ಲಗತ್ತಿಸಿದೆ. ಜೂನ್ 16ರ ಓಟಿಪಿಯನ್ನು ಟಿಕೆಟ್ ಮುಂದೆ ಕಳಿಸಲು ಅಂತ ಹೇಳಿ ಫೋನಿನಲ್ಲಿ ಪಡೆದರು, ಆ ದಿನ ಯಾರೂ ಮನೆಗೆ ಬಂದಿಲ್ಲ. ನಿಮ್ಮ ಸನ್ನದಿನ ಪ್ರಕಾರ 15 ದಿನದ ಬಾಡಿಗೆ ಜಿಎಸ್‌ಟಿ ಸಹಿತ 353.41 ರೂಪಾಯಿ. ಇದರಲ್ಲಿ ನೀವು ಒಪ್ಪಿದ 70.68 ಕಳೆದು 282.73 ಕೊಡಬೇಕು."

ಕೊನೆಗೆ ಒಂದು ಸಾಲು ಸೇರಿಸಿದೆ: ಇಲ್ಲಿ ತೀರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಇದು ಸುಮ್ನೆ ಬೆದರಿಕೆ ಅಲ್ಲ. ಹಿಂದೆ ಟೆಲಿಕಾಂ ವ್ಯಾಜ್ಯ ಗ್ರಾಹಕ ಕೋರ್ಟಿಗೆ ಬರುವುದಿಲ್ಲ ಅಂತ ಕಂಪನಿಗಳು ತಕರಾರು ತೆಗೆಯುತ್ತಿದ್ದವು, 2009ರ ಒಂದು ತೀರ್ಪು ಅವರ ಕೈಯಲ್ಲಿತ್ತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸೇವೆ ಅನ್ನುವುದರ ಅರ್ಥದಲ್ಲೇ ಟೆಲಿಕಾಂ ಸೇರಿದೆ, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಹೇಳಿತು. ಈಗಿನ ಕಾಯ್ದೆಯಲ್ಲಿ ನೀವು ಇರುವ ಊರಿನಲ್ಲೇ ಕೇಸ್ ಹಾಕಬಹುದು, ಕಂಪನಿಯ ಆಫೀಸ್ ಎಲ್ಲೇ ಇರಲಿ. ಎರಡು ವರ್ಷದೊಳಗೆ ಹಾಕಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಆದರೆ ನಿಜ ಹೇಳಬೇಕಂದ್ರೆ 282 ರೂಪಾಯಿಗಾಗಿ ಕಾಕಾನನ್ನು ತಾರೀಖು ತಾರೀಖಿಗೆ ಓಡಾಡಿಸಲು ನನಗೆ ಮನಸ್ಸಿರಲಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಒಂದು ದೂರು ಅಲ್ಲೂ ಹಾಕಿಸಿದೆ. ಅವರು ಅದನ್ನು ಕಂಪನಿಗೇ ಕಳಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

ಆಗಸ್ಟ್ 4ಕ್ಕೆ ಮೇಲ್ಮನವಿ ಕಚೇರಿಯಿಂದ ಕಾಕಾನಿಗೆ ಫೋನ್ ಬಂತು. ಒಬ್ಬ ಹೆಣ್ಣುಮಗಳು, ಮರ್ಯಾದೆಯಿಂದ ಮಾತಾಡಿದರು. ಅವರ ಮೊದಲ ವಾದ ನಾನು ಕಾದಿದ್ದದ್ದಲ್ಲ. ಫೈಬರ್ ಕಡಿದದ್ದು ಬೇರೆಯವರ ಜೆಸಿಬಿ, ನಮ್ಮ ತಪ್ಪಲ್ಲ ಅಂದರು. ಕಾಕಾ ಅದಕ್ಕೆ ಕೊಟ್ಟ ಉತ್ತರ ನಾನು ಹೇಳಿಕೊಟ್ಟದ್ದಲ್ಲ. "ಕಡದಾವ್ರು ಯಾರರ ಇರ್ಲಿ ಅಕ್ಕಾರ, ನಾ ಕೇಳಾಕತ್ತಿದ್ದು ಕಡದದ್ದಕ್ಕ ಅಲ್ಲ. ಕೂಡಸಾಕ ಎಷ್ಟ ದಿನ ತಗೊಂಡ್ರಿ ಅನ್ನೂದಕ್ಕ." ಇದು ಸರಿಯಾದ ಮಾತು. ಸನ್ನದಿನ ಮೆಟ್ಟಿಲು ದೋಷ ಎಷ್ಟು ದಿನ ಉಳಿಯಿತು ಅಂತ ಅಳೆಯುತ್ತದೆ, ಯಾರು ಮಾಡಿದರು ಅಂತ ಅಲ್ಲ. ಪ್ರವಾಹ, ಇಡೀ ಊರು ಮುಳುಗಿದ್ದು, ಅಂಥದ್ದಾಗಿದ್ದರೆ ಅವರ ವಾದಕ್ಕೆ ತೂಕ ಇರುತ್ತಿತ್ತು. ಮನೆಯ ಒಳಗೆ ನಮ್ಮದೇ ಇಲಿ ಫೈಬರ್ ಕಡಿದಿದ್ದರೂ ನಾವು ಸೋಲುತ್ತಿದ್ದೆವು. ಆಮೇಲೆ ಅವರು 18ರ ರಾತ್ರಿಯ ಬಗ್ಗೆ ಕೇಳಿದರು. ಫೋಟೋ ನೋಡಿದ್ದೇವೆ ಅಂದರು. ಓಟಿಪಿ ಬಗ್ಗೆ ಏನೂ ಕೇಳಲೇ ಇಲ್ಲ.

ಆಗಸ್ಟ್ 11ಕ್ಕೆ ತೀರ್ಮಾನ ಬಂತು, ಅಪೀಲು ಕಳಿಸಿ 27ನೇ ದಿನಕ್ಕೆ. ನಾಲ್ಕು ಡಾಕೆಟ್‌ಗಳನ್ನು ಒಂದೇ ಮುಂದುವರಿದ ದೋಷ ಎಂದು ಪರಿಗಣಿಸಿ ಹದಿನೈದು ದಿನದ ಬಾಡಿಗೆ ಮಾಫಿ, ಈಗಾಗಲೇ ಕೊಟ್ಟದ್ದನ್ನು ಕಳೆದು ಉಳಿದದ್ದು ಮುಂದಿನ ಬಿಲ್ಲಿಗೆ. ಮೇಲಿನ ಹುಡುಗರು ಆ ಹದಿನಾಲ್ಕು ದಿನ ಮೊಬೈಲ್ ಡೇಟಾ ಪ್ಯಾಕ್‌ಗಳಿಗೆ ಹಾಕಿದ ನಾನೂರು ಚಿಲ್ಲರೆ ರೂಪಾಯಿಯನ್ನೂ ನಾವು ಕೇಳಿದ್ದೆವು, ಅದನ್ನು ಕೊಡಲಿಲ್ಲ. ರಿಬೇಟ್ ಅಂದರೆ ಬಾಡಿಗೆ ಮಾಫಿ ಮಾತ್ರ, ನಷ್ಟ ಪರಿಹಾರ ಅಲ್ಲ ಅಂತ ಬರೆದಿದ್ದರು. ಅದು ಬೇಕಿದ್ದರೆ ಗ್ರಾಹಕ ಆಯೋಗಕ್ಕೇ ಹೋಗಬೇಕು. ಹೋಗಲಿಲ್ಲ.

ಆಗಸ್ಟ್ 1ರ ಬಿಲ್ 636.14 ಬಂದಿತ್ತು, ಸದ್ಭಾವನೆಯ 70.68 ಕಳೆದು. ಸೆಪ್ಟೆಂಬರ್ 1ರ ಬಿಲ್ 424.09. ಕಾಕಾ ಎರಡನ್ನೂ ಕೂಡಿಸಿ, ಕಳೆದು, ನನಗೆ ಫೋನ್ ಮಾಡಿ 353.41 ಸರಿ ಇದೆ ಅಂತ ಖಾತ್ರಿ ಮಾಡಿಕೊಂಡರು. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ 88 ರೂಪಾಯಿ ಮೂವತ್ತೈದು ಪೈಸೆ. ಚಿಲ್ಲರೆ ಇಲ್ಲ ಅಂತ ಹುಡುಗರಿಗೆ ತೊಂಬತ್ತು ತೊಂಬತ್ತು ಕೊಟ್ಟರಂತೆ.